ಷೇರಿಗೆ ಚಿನ್ನ ಕೂಡಿದರೆ ಏರಿಳಿತ ಎಷ್ಟು?

ಹತ್ತು ಲಕ್ಷ ರೂಪಾಯಿಯಲ್ಲಿ ಆರು ಲಕ್ಷ ಷೇರಿಗೆ, ನಾಲ್ಕು ಲಕ್ಷ ಚಿನ್ನಕ್ಕೆ ಹಾಕಲಾಗಿದೆ ಎನ್ನಿ. ವರ್ಷದ ಲಾಭದ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಆಚೀಚೆ ಆಗುವ ಏರಿಳಿತದ ಅಳತೆ, ಷೇರಿಗೆ ಶೇ. 20, ಚಿನ್ನಕ್ಕೆ ಶೇ. 15. ಎರಡೂ ಸೇರಿದ ಹೂಡಿಕೆಗೆ ಎಷ್ಟು? ಪಾಲಿಗೆ ತಕ್ಕಂತೆ ಸರಾಸರಿ ತೆಗೆದರೆ ಶೇ. 18 ಬರುತ್ತದೆ.

ಈ ಉತ್ತರ ಸರಿಯಾಗುವುದು ಎರಡೂ ಸದಾ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ಮಾತ್ರ. 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ತಮ್ಮ ಪ್ರಬಂಧದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಆ ಕೆಲಸಕ್ಕೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಲೆಕ್ಕದ ಬೇರು ಶಾಲೆಯ ಬೀಜಗಣಿತದಲ್ಲಿದೆ. ವೇರಿಯನ್ಸ್ ಎಂದರೆ ಮಾನಕ ವಿಚಲನೆಯ ವರ್ಗ. ಎರಡರ ಮೊತ್ತವನ್ನು ವರ್ಗ ಮಾಡಿದಾಗ 2ab ಎಂಬ ಪದ ಹುಟ್ಟುವಂತೆ, ಇಲ್ಲೂ ಒಂದು ಜೋಡಿ ಪದ ಹುಟ್ಟುತ್ತದೆ:

Var(aX + bY) = a²Var(X) + b²Var(Y) + 2ab Cov(X,Y)

ಕೊನೆಯಲ್ಲಿರುವುದು ಕೋವೇರಿಯನ್ಸ್. ಎರಡರ ಮಾನಕ ವಿಚಲನೆಗಳನ್ನು ಸಹಸಂಬಂಧದಿಂದ ಗುಣಿಸಿದರೆ ಅದು ಸಿಗುತ್ತದೆ. ಷೇರು–ಚಿನ್ನದ ಸಹಸಂಬಂಧ −0.1 ಎಂದಾದರೆ ಕೋವೇರಿಯನ್ಸ್ −30. ಈ ಸಂಖ್ಯೆಗಳನ್ನೆಲ್ಲ ಒಂದು ಚೌಕದಲ್ಲಿ ಜೋಡಿಸಿದರೆ ಕೋವೇರಿಯನ್ಸ್ ಮಾತೃಕೆ:

Σ = [400 −30; −30 225]

ಮೊದಲ ಸಾಲು ಷೇರಿನದು, ಎರಡನೆಯದು ಚಿನ್ನದ್ದು. ಕರ್ಣದಲ್ಲಿ ಅವುಗಳ ಸ್ವಂತ ವೇರಿಯನ್ಸ್, ಉಳಿದೆಡೆ ಜೋಡಿಯ ಕೋವೇರಿಯನ್ಸ್. ಪ್ರತಿ ಮನೆಯ ಸಂಖ್ಯೆಯನ್ನು ಅದರ ಸಾಲಿನ ಪಾಲಿನಿಂದಲೂ ಕಂಬದ ಪಾಲಿನಿಂದಲೂ ಗುಣಿಸಿ, ಎಲ್ಲವನ್ನೂ ಕೂಡಬೇಕು. 144, 36, ಮತ್ತು ಎರಡು ಸಲ −7.2. ಮೊತ್ತ 165.6, ಅದರ ವರ್ಗಮೂಲ ಸುಮಾರು 12.9. ಚಿನ್ನವೊಂದನ್ನೇ ಇಟ್ಟುಕೊಂಡರೆ ಆಗುತ್ತಿದ್ದ ಏರಿಳಿತಕ್ಕಿಂತಲೂ ಇದು ಕಡಿಮೆ!

ಚಿನ್ನದ ಬದಲು, ಏರಿಳಿತ ಅಷ್ಟೇ ಇದ್ದು ಸಹಸಂಬಂಧ 0.8 ಇರುವ ಮತ್ತೊಂದು ಷೇರು ಕೊಂಡರೆ ಮೊತ್ತ 295.2ಕ್ಕೆ ಏರುತ್ತದೆ. ಏರಿಳಿತ ಶೇ. 17.2.

ಎಷ್ಟೇ ಬಗೆಯ ಹೂಡಿಕೆ ಇದ್ದರೂ ವಿಧಾನ ಇದೇ. ಅದರ ಚುಟುಕು ರೂಪ wᵀΣw. ಇಲ್ಲಿ w ಎಂದರೆ ಪಾಲುಗಳ ಪಟ್ಟಿ. ಆದರೆ ಚೌಕ ಬೇಗ ಹಿಗ್ಗುತ್ತದೆ. 50 ಷೇರುಗಳಿದ್ದರೆ ವೇರಿಯನ್ಸ್ 50, ಜೋಡಿ ಕೋವೇರಿಯನ್ಸ್ 1,225. ಹಣವನ್ನು ಸಮನಾಗಿ ಹಂಚಿದರೆ ಒಂದೊಂದು ಷೇರಿನ ಸ್ವಂತ ಏರಿಳಿತ ಬಹುಪಾಲು ಕರಗಿ, ಜೋಡಿಗಳ ಸರಾಸರಿ ಕೋವೇರಿಯನ್ಸ್ ಉಳಿಯುತ್ತದೆ. ಇನ್ನೆಷ್ಟು ಷೇರು ಸೇರಿಸಿದರೂ ಅದು ಕರಗದು.

ಎಡವಟ್ಟಾಗುವುದು ಈ ಸಂಖ್ಯೆಗಳನ್ನು ಹಳೆಯ ಬೆಲೆಗಳಿಂದ ಅಂದಾಜಿಸುವಾಗ. 50 ಷೇರುಗಳಿಗೆ ಬರೀ 40 ದಿನಗಳ ದತ್ತಾಂಶ ಬಳಸಿದರೆ, ಏರಿಳಿತ ಸೊನ್ನೆ ಎಂದು ತೋರುವ ಹಂಚಿಕೆಗಳು ಖಂಡಿತ ಸಿಗುತ್ತವೆ. ಅವು ದತ್ತಾಂಶದ ಕೊರತೆಯ ಕುರುಹು. ಸಾಕಷ್ಟು ದತ್ತಾಂಶ ಇದ್ದರೂ ಸಂಬಂಧಗಳು ಸ್ಥಿರವಲ್ಲ: 2020ರ ಮಾರ್ಚ್‌ನ ಕುಸಿತದಲ್ಲಿ ಬಗೆಬಗೆಯ ಷೇರುಗಳು ಒಟ್ಟಿಗೆ ಬಿದ್ದವು, ಕೆಲವು ದಿನ ಚಿನ್ನವೂ ಇಳಿಯಿತು. ಹಾಗಾಗಿ ಲೆಕ್ಕ ಹಾಕುವವರು ಸಹಸಂಬಂಧವನ್ನು ಬೇಕೆಂದೇ ಏರಿಸಿ ಇನ್ನೊಮ್ಮೆ ಗುಣಿಸಿ ನೋಡುತ್ತಾರೆ. ಮೇಲಿನ ಷೇರು–ಚಿನ್ನದ ಉದಾಹರಣೆಯಲ್ಲಿ −0.1ರ ಜಾಗಕ್ಕೆ 0.5 ಇಟ್ಟರೆ 12.9 ಇದ್ದದ್ದು 15.9 ಆಗುತ್ತದೆ.