ಶಿಲ್ಕು ಇದೆ, ದುಡ್ಡಿಲ್ಲ

ಮಾರ್ಚ್ 31ರ ಸಂಜೆ ಪುರಸಭೆಯ ಕ್ಯಾಷ್ ಬುಕ್ಕಿನಲ್ಲಿ ಶಿಲ್ಕು 60 ಲಕ್ಷ ರೂಪಾಯಿ. ಬಜೆಟ್ ಸಭೆಯಲ್ಲಿ ಈ ಅಂಕಿ ಓದಿದರೆ ಸದಸ್ಯರು ಮೇಜು ಕುಟ್ಟುತ್ತಾರೆ. ಅದೇ ವಾರ ಪೌರಕಾರ್ಮಿಕರ ಸಂಬಳಕ್ಕೆ ಹಣ ಹೊಂದಿಸಲು ಮುಖ್ಯಾಧಿಕಾರಿ ಪರದಾಡುತ್ತಿರುತ್ತಾರೆ. ಎರಡೂ ನಿಜ. ನಗದು ಆಧಾರಿತ ಲೆಕ್ಕದ ಸ್ವಭಾವವೇ ಅಂಥದ್ದು. ಬಂದದ್ದು ಜಮೆ, ಹೋದದ್ದು ಖರ್ಚು, ಉಳಿದದ್ದು ಶಿಲ್ಕು. ಯಾರಿಗೆ ಎಷ್ಟು ಕೊಡಬೇಕಿದೆ ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇಲ್ಲ.

ಈ ಕುರುಡನ್ನು ನೀಗಿಸಲು ಬಂದದ್ದು ಸಂಚಯ ಪದ್ಧತಿ, ಕಚೇರಿಯ ಮಾತಿನಲ್ಲಿ ‘ಅಕ್ರುವಲ್’. ಹಣ ಕೈಗೆ ಬರಲಿ ಬಿಡಲಿ, ಬರಬೇಕಾದ ತೆರಿಗೆ ಆ ವರ್ಷದ ಆದಾಯ. ಚೆಕ್ ಬರೆಯಲಿ ಬಿಡಲಿ, ಕಟ್ಟಬೇಕಾದ ಕರೆಂಟ್ ಬಿಲ್ ಆ ವರ್ಷದ ವೆಚ್ಚ. ಕೇಂದ್ರ ಸರ್ಕಾರ 2004ರಲ್ಲಿ ರಾಷ್ಟ್ರೀಯ ಪೌರಸಂಸ್ಥೆಗಳ ಲೆಕ್ಕಪತ್ರ ಕೈಪಿಡಿಯನ್ನು ಹೊರತಂದಿತು. ಕರ್ನಾಟಕ 2006ರಲ್ಲಿ ತನ್ನದೇ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳನ್ನು ಮಾಡಿ ಪುರಸಭೆಗಳನ್ನು ಈ ದಾರಿಗೆ ತಂದಿತು. ನಿಯಮ ಬಂತು, ಸಾಫ್ಟ್‌ವೇರ್ ಬಂತು. ಆದರೆ ಹಳೆಯ ಪುಸ್ತಕದಿಂದ ಹೊಸದಕ್ಕೆ ದಾಟುವ ಆ ಒಂದು ಹೆಜ್ಜೆಯಲ್ಲೇ ಹಳೆಯ ತಪ್ಪುಗಳು ಒಂದೋ ಬಯಲಿಗೆ ಬೀಳುತ್ತವೆ, ಇಲ್ಲವೇ ಶಾಶ್ವತವಾಗಿ ಮಣ್ಣಾಗುತ್ತವೆ.

ಲೆಕ್ಕಕ್ಕೆಂದು ಕಲ್ಪಿಸಿಕೊಂಡ ಒಂದು ಪುರಸಭೆಯನ್ನು ತೆಗೆದುಕೊಳ್ಳೋಣ. ಆ 60 ಲಕ್ಷದ ಶಿಲ್ಕು ಅದರದ್ದೇ. ವರ್ಷದಲ್ಲಿ 1 ಕೋಟಿ ಆಸ್ತಿ ತೆರಿಗೆ ವಸೂಲಾಗಿದೆ. ತೆರಿಗೆಯ ಜೊತೆಗೇ ಶೇಕಡಾ 15 ಆರೋಗ್ಯ ಕರ, 6 ಗ್ರಂಥಾಲಯ ಕರ, 3 ಭಿಕ್ಷುಕರ ಕರ ಎಂದು ಉಪಕರಗಳನ್ನೂ ಜನರಿಂದ ಪಡೆಯಲಾಗುತ್ತದೆ. ಅಂದರೆ 24 ಲಕ್ಷ. ಇದು ಪುರಸಭೆಯ ಹಣವಲ್ಲ. ವಸೂಲಿ ಖರ್ಚಿಗೆಂದು ಹತ್ತರಲ್ಲೊಂದು ಪಾಲು, ಅಂದರೆ 2.4 ಲಕ್ಷ, ಇಟ್ಟುಕೊಂಡು ಉಳಿದ 21.6 ಲಕ್ಷವನ್ನು ಸಂಬಂಧಪಟ್ಟವರಿಗೆ ಕಟ್ಟಬೇಕು. ಕಟ್ಟಿದ್ದು 5 ಲಕ್ಷ ಮಾತ್ರ. 16.6 ಲಕ್ಷ ಶಿಲ್ಕಿನೊಳಗೇ ಕುಳಿತಿದೆ. ಗುತ್ತಿಗೆದಾರರ ಠೇವಣಿ 18 ಲಕ್ಷ, ಅದನ್ನೂ ಒಂದು ದಿನ ಹಿಂತಿರುಗಿಸಬೇಕು. ಬೀದಿದೀಪ ಮತ್ತು ನೀರಿನ ಪಂಪಿನ ವಿದ್ಯುತ್ ಬಾಕಿ 30 ಲಕ್ಷ. ಮೂರೂ ಕೂಡಿದರೆ 64.6 ಲಕ್ಷ. ಮೇಜು ಕುಟ್ಟಿದ ಶಿಲ್ಕಿಗಿಂತ ಕೊಡಬೇಕಾದದ್ದೇ 4.6 ಲಕ್ಷ ಹೆಚ್ಚು.

ಉಪಕರ ವಸೂಲು ಮಾಡಿ ಕಟ್ಟದೆ ಉಳಿಸಿಕೊಂಡಿರುವುದು ಕರ್ನಾಟಕದ ಆಡಿಟ್ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಕಂಡಿಕೆ. ಇದರಲ್ಲಿ ಯಾರೋ ಜೇಬಿಗಿಳಿಸಿದರು ಎಂದೇನಲ್ಲ. ಸಂಬಳಕ್ಕೋ ಟ್ಯಾಂಕರ್ ನೀರಿಗೋ ಆ ಹಣ ಬಳಕೆಯಾಗಿರುತ್ತದೆ. ಆದರೆ ಗ್ರಂಥಾಲಯಕ್ಕೆ ಸೇರಬೇಕಾದ ಹಣದಲ್ಲಿ ಟ್ಯಾಂಕರ್ ಓಡಿತು ಎಂಬುದು ನಗದು ಲೆಕ್ಕದಲ್ಲಿ ಎಂದೂ ಕಾಣುವುದಿಲ್ಲ.

ಈಗ ದಾಟುವ ಹೆಜ್ಜೆಗೆ ಬರೋಣ. ಹೊಸ ಪದ್ಧತಿಯ ಮೊದಲ ದಿನ ಆರಂಭಿಕ ಬ್ಯಾಲೆನ್ಸ್ ಶೀಟ್ ಬರೆಯಬೇಕು. ಒಂದು ಕಡೆ ಆಸ್ತಿ: ರಸ್ತೆ, ಚರಂಡಿ, ಮಳಿಗೆ, ತೆರಿಗೆ ಬಾಕಿ, ಬ್ಯಾಂಕಿನ ಹಣ. ಇನ್ನೊಂದು ಕಡೆ ಹೊಣೆ. ಎರಡರ ನಡುವಿನ ವ್ಯತ್ಯಾಸವನ್ನು ‘ಪುರಸಭಾ ನಿಧಿ’ ಎಂದು ಬರೆದು ತಾಳೆ ಮಾಡುತ್ತಾರೆ. ತೊಡಕಿರುವುದು ಇಲ್ಲೇ. ಒಂದು ಸಾಲವನ್ನು ಬರೆಯಲು ಮರೆತರೆ ನಿಧಿ ಅಷ್ಟು ಉಬ್ಬುತ್ತದೆ. ಇಲ್ಲದ ಆಸ್ತಿ ಸೇರಿಸಿದರೂ ಉಬ್ಬುತ್ತದೆ. ತಖ್ತೆ ಮಾತ್ರ ಯಾವಾಗಲೂ ತಾಳೆಯಾಗಿಯೇ ಇರುತ್ತದೆ. ತಾಳೆಯಾಯಿತು ಎಂಬುದು ಆ ದಿನ ಯಾವುದಕ್ಕೂ ಸಾಕ್ಷಿಯಲ್ಲ. ಅದಕ್ಕೇ ಅನುಭವಿ ಆಡಿಟರ್ ಮೊತ್ತದ ಕಡೆ ನೋಡುವ ಮೊದಲು ಪಟ್ಟಿ ಕೇಳುತ್ತಾನೆ: ಯಾವ ಗುತ್ತಿಗೆದಾರನ ಠೇವಣಿ, ಯಾವ ವರ್ಷದ್ದು, ಯಾವ ಕಾಮಗಾರಿಯದ್ದು? ಪಟ್ಟಿಯಿಲ್ಲದ ಮೊತ್ತ ಅವನ ಪಾಲಿಗೆ ಬರೀ ಅಂದಾಜು.

ತೆರಿಗೆ ಬಾಕಿಯದೂ ಅದೇ ಕಥೆ. ಬೇಡಿಕೆ-ವಸೂಲಿ-ಬಾಕಿ ರಿಜಿಸ್ಟರಿನಲ್ಲಿ 80 ಲಕ್ಷ ಬಾಕಿ ಇದೆಯೆಂದು ಅಷ್ಟನ್ನೂ ಆಸ್ತಿಯೆಂದು ಬರೆದುಬಿಡುವುದು ಸುಲಭ. ಅದರಲ್ಲಿ ಬಿದ್ದುಹೋದ ಮನೆ, ಎರಡು ಸಲ ನೋಂದಾದ ನಿವೇಶನ, ವಾರಸುದಾರರ ಜಗಳದಲ್ಲಿರುವ ಗೋದಾಮು ಎಲ್ಲವೂ ಇರುತ್ತವೆ. ರಾಷ್ಟ್ರೀಯ ಕೈಪಿಡಿಯ ಪ್ರಕಾರ ಎರಡು ವರ್ಷ ದಾಟಿದ ಆಸ್ತಿ ತೆರಿಗೆ ಬಾಕಿಗೆ ಶೇಕಡಾ 25ರಿಂದ ಶುರುಮಾಡಿ, ಐದು ವರ್ಷ ದಾಟಿದ್ದಕ್ಕೆ ಪೂರ್ತಿ ಮೊತ್ತವನ್ನು ಬಾರದ ಹಣವೆಂದು ಪಕ್ಕಕ್ಕಿಡಬೇಕು. 80ರಲ್ಲಿ 45 ಲಕ್ಷ ಐದು ವರ್ಷ ಹಳೆಯದಾದರೆ ಆಸ್ತಿಯೆಂದು ನಂಬಬಹುದಾದದ್ದು ಹೆಚ್ಚೆಂದರೆ 35 ಲಕ್ಷ. ಕಳೆದ ಮಾರ್ಚಿನ ಅಂತಿಮ ಬಾಕಿಗೂ ಏಪ್ರಿಲ್‌ನ ಆರಂಭಿಕ ಬಾಕಿಗೂ ತಾಳೆಯಿಲ್ಲದಿದ್ದರೆ ನಡುವೆ ಯಾರದೋ ಬಾಕಿಯನ್ನು ಆದೇಶವಿಲ್ಲದೆ ಅಳಿಸಿರುವ ಅನುಮಾನ ಬರುತ್ತದೆ.

ಆದರೆ ನಿಜವಾದ ಕಳ್ಳತನ ಸಿಕ್ಕಿಬೀಳುವುದು ಸಾಮಾನ್ಯವಾಗಿ ಬ್ಯಾಂಕಿನ ಬಾಗಿಲಲ್ಲಿ. ನಮ್ಮ ಪುರಸಭೆಯ ಕ್ಯಾಷ್ ಬುಕ್ಕಿನಲ್ಲಿ 60 ಲಕ್ಷ. ಕೊಟ್ಟು ಇನ್ನೂ ನಗದಾಗದ ಚೆಕ್ಕುಗಳು 4 ಲಕ್ಷ. ಹಾಗಾದರೆ ಬ್ಯಾಂಕಿನಲ್ಲಿ 64 ಲಕ್ಷ ಇರಬೇಕು. ಇರುವುದು 61.5. ಎರಡೂವರೆ ಲಕ್ಷ ಎಲ್ಲಿ? ಆಡಿಟರ್ ಮೂರು ದಿನಾಂಕಗಳನ್ನು ಅಕ್ಕಪಕ್ಕ ಇಡುತ್ತಾನೆ: ರಸೀದಿ ಹರಿದ ದಿನ, ಚಲನ್ ಬರೆದ ದಿನ, ಬ್ಯಾಂಕಿಗೆ ಜಮೆಯಾದ ದಿನ. 90 ಸಾವಿರ ತೆರಿಗೆದಾರರ ವಾಪಸ್ಸಾದ ಚೆಕ್ಕುಗಳು. ರಿಜಿಸ್ಟರಿನಲ್ಲಿ ಮಾತ್ರ ‘ಪಾವತಿ’ ಎಂದೇ ಇದೆ. ಉಳಿದ 1.6 ಲಕ್ಷದ ಚಲನ್‌ಗಳ ಮೇಲೆ ಬ್ಯಾಂಕಿನ ಮೊಹರೇ ಇಲ್ಲ. ಹಿಂದಿನ ತಿಂಗಳುಗಳನ್ನು ತಿರುವಿದರೆ ಸೋಮವಾರದ ವಸೂಲಿ ಮುಂದಿನ ವಾರ, ಆ ವಾರದ್ದು ಅದರ ಮುಂದಿನ ವಾರ ಜಮೆಯಾಗಿದೆ. ಇಂದಿನ ತೆರಿಗೆಯಿಂದ ನಿನ್ನೆಯ ಹಳ್ಳ ಮುಚ್ಚುವ ಆಟ ಇದು. ವಸೂಲಿ ಕಡಿಮೆಯಾದ ತಿಂಗಳು ಹಳ್ಳ ಮುಚ್ಚಲಾಗದೆ ಬಯಲಾಗುತ್ತದೆ. ಈ ಎರಡೂವರೆ ಲಕ್ಷವನ್ನೂ ಕಳೆದರೆ ಕೊರತೆ 7.1 ಲಕ್ಷ.

ವರ್ಷಗಟ್ಟಲೆ ಬ್ಯಾಂಕ್ ತಾಳೆ ಮಾಡದ ಕಚೇರಿಗಳಲ್ಲಿ ಇಂಥ ವ್ಯತ್ಯಾಸವನ್ನು ದಾಟುವ ದಿನ ‘ಸಸ್ಪೆನ್ಸ್’ ಖಾತೆಗೆ ತಳ್ಳಿಬಿಡುತ್ತಾರೆ. ಮುಂಗಡಗಳ ಗತಿಯೂ ಅಷ್ಟೇ. ಜಾತ್ರೆಯ ನೈರ್ಮಲ್ಯಕ್ಕೆಂದು ಸಿಬ್ಬಂದಿಗೆ ಕೊಟ್ಟ 50 ಸಾವಿರ ನಗದು ಲೆಕ್ಕದಲ್ಲಿ ಕೊಟ್ಟ ದಿನವೇ ಖರ್ಚು. ವೋಚರ್ ಬಂತೇ ಎಂದು ಆಮೇಲೆ ಕೇಳುವವರಿಲ್ಲ. ಹೊಸ ಪದ್ಧತಿಯಲ್ಲಿ ವೋಚರ್ ಬರುವವರೆಗೆ ಅದು ಆ ವ್ಯಕ್ತಿಯಿಂದ ಬರಬೇಕಾದ ಹಣ. ಹೆಸರುಗಳ ಪಟ್ಟಿ ಮಾಡಿದಾಗ ಕೆಲವರು ವರ್ಗವಾಗಿರುತ್ತಾರೆ, ಕೆಲವರು ನಿವೃತ್ತರಾಗಿರುತ್ತಾರೆ. ಅಂಥ ಪಟ್ಟಿ ಮಾಡಲು ಕಚೇರಿಗೆ ಮನಸ್ಸು ಬರುವುದಿಲ್ಲ. ಆಡಿಟರ್ ಹಟ ಹಿಡಿಯಬೇಕಾದ್ದು ಅಲ್ಲಿಯೇ.

ಲೆಕ್ಕಪರಿಶೋಧನೆಗೂ ಮಿತಿಯಿದೆ. ರಸೀದಿಯೇ ಹರಿಯದೆ ಪಡೆದ ಹಣ ಯಾವ ಪುಸ್ತಕದಲ್ಲೂ ಸಿಗದು. ಅದನ್ನು ಹಿಡಿಯಬೇಕಾದರೆ ತೆರಿಗೆದಾರನ ಮನೆಯಲ್ಲಿರುವ ಕಾಗದವನ್ನು ಕಚೇರಿಯ ರಿಜಿಸ್ಟರಿನ ಜೊತೆ ಹೋಲಿಸಬೇಕು. ನಿಮ್ಮೂರಿನ ಪುರಸಭೆಯ ವಾರ್ಷಿಕ ಲೆಕ್ಕ ಕೈಗೆ ಸಿಕ್ಕರೆ ಎರಡು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಸಸ್ಪೆನ್ಸ್ ಖಾತೆಯಲ್ಲಿ ಒಂದು ರೂಪಾಯಿಯೂ ಹೆಚ್ಚು ಕಡಿಮೆಯಾಗದೆ ಅದೇ ಅಂಕಿ ಕುಳಿತಿದ್ದರೆ, ಕಂಪ್ಯೂಟರಿನಲ್ಲಿ ಸಂಚಯ ಪದ್ಧತಿ ಬಂದಿದ್ದರೂ ಕಚೇರಿ ಇನ್ನೂ ಹಳೆಯ ಕ್ಯಾಷ್ ಬುಕ್ಕಿನಲ್ಲೇ ಇದೆ.