ರೆಸ್ಯೂಮೆ ಇಳಿಸಬಹುದು, ಆದರೆ ಎಲ್ಲಿಯವರೆಗೆ?

ಹೈದರಾಬಾದ್‌ನಲ್ಲೋ ಪುಣೆಯಲ್ಲೋ ಹತ್ತು-ಹದಿನೈದು ವರ್ಷ ದುಡಿದವರು ಅಪ್ಪ-ಅವ್ವನನ್ನು ನೋಡಿಕೊಳ್ಳಲು ಬಸವಕಲ್ಯಾಣಕ್ಕೆ ವಾಪಸ್ ಬರಬೇಕು ಅಂದುಕೊಂಡರೆ, ಹತ್ತಿರದಲ್ಲಿ ಕೆಲಸ ಹುಡುಕುವ ಜಾಗ ಹುಮನಾಬಾದ್ ಕೈಗಾರಿಕಾ ಪ್ರದೇಶ. ಅಲ್ಲಿ ಕೆಮಿಕಲ್ ಮತ್ತು ಔಷಧ ಕಚ್ಚಾವಸ್ತು ಘಟಕಗಳಿವೆ. ಆದರೆ ಖಾಲಿ ಇರೋದು ಹೆಚ್ಚಾಗಿ ಶಿಫ್ಟ್ ಮಟ್ಟದ ಹುದ್ದೆ. ದೊಡ್ಡ ಹುದ್ದೆಯಲ್ಲಿದ್ದವರ ರೆಸ್ಯೂಮೆ ಅಲ್ಲಿ ಭಾರವಾಗುತ್ತದೆ.

ಕಾರಣ ಸರಳ. ಎಚ್‌ಆರ್‌ನವರ ತಲೆಯಲ್ಲಿ ಮೂರು ಲೆಕ್ಕ ಓಡುತ್ತವೆ: ಇವರು ಆರು ತಿಂಗಳಲ್ಲಿ ಬಿಟ್ಟು ಹೋಗ್ತಾರೆ, ಸಂಬಳ ಸಾಲದು ಅಂತಾರೆ, ತಮಗಿಂತ ಚಿಕ್ಕ ವಯಸ್ಸಿನ ಮ್ಯಾನೇಜರ್ ಮಾತು ಕೇಳಲ್ಲ. ರೆಸ್ಯೂಮೆ ಇಳಿಸೋದು ಅಂದರೆ ಈ ಮೂರು ಅನುಮಾನಕ್ಕೆ ಉತ್ತರ ಕೊಡೋದು. ಅನುಭವವನ್ನೇ ಅಳಿಸಿಹಾಕೋದಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಒಬ್ಬರು ಹೈದರಾಬಾದ್‌ನ ಔಷಧ ಕಂಪನಿಯಲ್ಲಿ 14 ವರ್ಷ ಇದ್ದು, ಕೊನೆಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದಾರೆ. ನಡುವೆ ದೂರಶಿಕ್ಷಣದಲ್ಲಿ ಎಂಬಿಎ ಮಾಡಿದ್ದಾರೆ. ಈಗ ಹುಮನಾಬಾದ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಅವರ ರೆಸ್ಯೂಮೆ ಶುರುವಾಗುವುದೇ ಹೀಗೆ: ‘60 ಜನರ ತಂಡ, ವಾರ್ಷಿಕ ಬಜೆಟ್, ಹೊಸ ಪ್ಲಾಂಟ್ ಯೋಜನೆಯ ನೇತೃತ್ವ’. ಶಿಫ್ಟ್‌ಗೆ ಬೇಕಾದ ಒಂದು ಮಾತೂ ಇದರಲ್ಲಿಲ್ಲ.

ಮೊದಲ ಸಾಲು ಹೀಗಾಗಬೇಕು: ‘ರಿಯಾಕ್ಟರ್ ಕಾರ್ಯಾಚರಣೆ, ಬ್ಯಾಚ್ ರೆಕಾರ್ಡ್, ಶಿಫ್ಟ್ ಹಸ್ತಾಂತರ, ಸುರಕ್ಷತಾ ಪರ್ಮಿಟ್‌ಗಳಲ್ಲಿ ನೇರ ಅನುಭವ. ಬಸವಕಲ್ಯಾಣದಲ್ಲಿ ಕಾಯಂ ನೆಲೆಸುತ್ತಿದ್ದು, ಶಿಫ್ಟ್ ಕೆಲಸವನ್ನೇ ಬಯಸುತ್ತೇನೆ.’ ಬಿಟ್ಟು ಹೋಗ್ತಾರೆ ಅನ್ನೋ ಅನುಮಾನಕ್ಕೆ ಈ ಎರಡನೇ ವಾಕ್ಯವೇ ಉತ್ತರ. ಆಮೇಲೆ ಮ್ಯಾನೇಜರ್ ಅವಧಿಯ ಕೆಳಗೆ ಬಜೆಟ್ ತೆಗೆದು, ಆ ದಿನಗಳಲ್ಲೂ ಪ್ಲಾಂಟ್ ಫ್ಲೋರ್‌ನಲ್ಲಿ ಮಾಡಿದ ಕೆಲಸ ಬರೆಯಬೇಕು. ಹತ್ತು ವರ್ಷ ಹಿಂದಿನ ಕೆಲಸಗಳಿಗೆ ತಲಾ ಒಂದು ಸಾಲು ಸಾಕು. ಹುದ್ದೆಗೆ ಸಂಬಂಧವಿಲ್ಲದ ಎಂಬಿಎ ಬಿಡಬಹುದು.

ಮುಟ್ಟಬಾರದ್ದು ಎರಡು: ಹುದ್ದೆಯ ಹೆಸರು ಮತ್ತು ದಿನಾಂಕ. ಮ್ಯಾನೇಜರ್ ಆಗಿದ್ದವರು ‘ಸೂಪರ್‌ವೈಸರ್’ ಅಂತ ಬರೆದರೆ ರಿಲೀವಿಂಗ್ ಲೆಟರ್ ಅದನ್ನು ಸುಳ್ಳು ಮಾಡುತ್ತದೆ. ಕೊನೆಯ ನಾಲ್ಕು ವರ್ಷವನ್ನೇ ಕೈಬಿಟ್ಟರೆ ಅದು ಖಾಲಿ ಕೂತಿದ್ದ ಹಾಗೆ ಕಾಣುತ್ತದೆ. ಸೇರುವಾಗ ಪಿಎಫ್‌ಗಾಗಿ ಹಳೆಯ ಯುಎಎನ್ ನಂಬರ್ ಕೊಡಲೇಬೇಕು, ಹಿಂದಿನ ಕಂಪನಿಗಳ ಜಾಡು ಅದರಲ್ಲಿರುತ್ತದೆ.

ಇಲ್ಲೇ ಗೆರೆ ಇರೋದು. ರೆಸ್ಯೂಮೆ ನಿಮ್ಮ ಕಾಗದ, ಏನು ಮುಂದಿಡಬೇಕು ಅನ್ನೋದು ನಿಮ್ಮ ಆಯ್ಕೆ. ಅರ್ಜಿ ಫಾರ್ಮ್ ಅವರ ಪ್ರಶ್ನೆ. ಅದರಲ್ಲಿ ‘ಎಲ್ಲ ವಿದ್ಯಾರ್ಹತೆ ಬರೆಯಿರಿ’ ಅಂತಿದ್ದು, ಕೆಳಗೆ ‘ಮೇಲಿನದೆಲ್ಲ ನಿಜ’ ಅಂತ ಸಹಿ ಮಾಡಿದ ಮೇಲೆ ಎಂಬಿಎ ಬಿಟ್ಟರೆ ಅದು ಮುಚ್ಚಿಟ್ಟ ಹಾಗೆ.

ಇದರ ಬೆಲೆ ಎಷ್ಟು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿದೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ಯೂನ್ ಹುದ್ದೆಗೆ ಅರ್ಜಿ ಕರೆದಿತ್ತು. 12ನೇ ತರಗತಿ ಪಾಸಾಗಿರಬೇಕು, ಪದವೀಧರರಾಗಿರಬಾರದು ಅನ್ನೋದು ಷರತ್ತು. ಒಡಿಶಾದ ಒಬ್ಬ ಅಭ್ಯರ್ಥಿ 2014ರಲ್ಲೇ ಪದವಿ ಪಡೆದಿದ್ದರೂ 12ನೇ ತರಗತಿ ಅಂತಷ್ಟೇ ಬರೆದು ಆಯ್ಕೆಯಾದರು. ಪದವಿ ಬಯಲಾದಾಗ ಬ್ಯಾಂಕ್ ಆಯ್ಕೆ ರದ್ದು ಮಾಡಿತು. ಹೈಕೋರ್ಟ್ ಅಭ್ಯರ್ಥಿಯ ಪರ ನಿಂತರೂ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಷರತ್ತು ತಪ್ಪು ಅನಿಸಿದ್ದರೆ ಅದನ್ನು ಪ್ರಶ್ನಿಸಬೇಕಿತ್ತು, ಪದವಿ ಮುಚ್ಚಿಟ್ಟು ಅರ್ಜಿ ಹಾಕಿದವರು ಹುದ್ದೆಯ ಹಕ್ಕು ಕೇಳುವಂತಿಲ್ಲ ಅನ್ನೋದು ಅದರ ತರ್ಕ.

ಅದು ಸರಕಾರಿ ಬ್ಯಾಂಕಿನ ಪ್ರಕರಣ, ನಿಜ. ಆದರೆ ಖಾಸಗಿ ಕಂಪನಿಗಳ ನೇಮಕಾತಿ ಪತ್ರದಲ್ಲೂ ‘ಮಾಹಿತಿ ಸುಳ್ಳಾದರೆ ಕೆಲಸದಿಂದ ತೆಗೆಯಬಹುದು’ ಅನ್ನೋ ಸಾಲು ಸಾಮಾನ್ಯ. ಹಾಗಾಗಿ ಸಂದರ್ಶನದಲ್ಲಿ ‘ಎಂಬಿಎ ಇದೆಯಾ?’ ಅಂತ ಕೇಳಿದರೆ ‘ಇದೆ ಸರ್, ಈ ಕೆಲಸಕ್ಕೆ ಬೇಕಾಗಿರಲಿಲ್ಲ, ಅದಕ್ಕೇ ಬರೆದಿಲ್ಲ’ ಅಂದುಬಿಡಿ. ಹಳೆಯ ಸಂಬಳ ಕೇಳಿದರೂ ನಿಜವನ್ನೇ ಹೇಳಿ, ಜೊತೆಗೆ ಈಗ ಎಷ್ಟಕ್ಕೆ ಒಪ್ಪುತ್ತೀರಿ ಅನ್ನೋದನ್ನೂ ಹೇಳಿ. ಎರಡನೆಯ ಅನುಮಾನ ಅಲ್ಲಿಗೆ ಮುಗಿಯುತ್ತದೆ.

ಒಂದು ಮಾತು ಮಾತ್ರ ರೆಸ್ಯೂಮೆಯಿಂದ ಸರಿಯಾಗುವಂಥದ್ದಲ್ಲ. ಕಲ್ಯಾಣ ಕರ್ನಾಟಕಕ್ಕೆ 371ಜೆ ಬಂತು, ಅದರ ಮೀಸಲಾತಿ ಸರಕಾರಿ ಹುದ್ದೆಗೆ ಮತ್ತು ಶಿಕ್ಷಣಕ್ಕೆ. ಖಾಸಗಿ ಫ್ಯಾಕ್ಟರಿಯ ಮ್ಯಾನೇಜರ್ ಕುರ್ಚಿಯವರೆಗೆ ಅದು ತಲುಪುವುದಿಲ್ಲ. ಊರಿಗೆ ಬರಬೇಕಾದರೆ 14 ವರ್ಷದ ಅನುಭವವನ್ನು ಮಡಚಿ ಇಡಬೇಕು ಅಂದರೆ, ಅಲ್ಲಿ ಜಾಸ್ತಿ ಇರೋದು ಅಭ್ಯರ್ಥಿಯ ಅರ್ಹತೆ ಅಲ್ಲ, ಕಡಿಮೆ ಇರೋದು ಬೀದರ್ ಜಿಲ್ಲೆಯ ಹುದ್ದೆಗಳು.