ಇನ್ಸುಲಿನ್‌ಗೂ ಮೊದಲು ಪೊಟ್ಯಾಸಿಯಂ

ವೈದ್ಯಕೀಯ ಮತ್ತು ನರ್ಸಿಂಗ್ ಪರೀಕ್ಷೆಗಳಲ್ಲಿ ಬರುವ ಈ ಬಗೆಯ ಪ್ರಶ್ನೆ ನೋಡಿ. ಟೈಪ್ 1 ಸಕ್ಕರೆ ಕಾಯಿಲೆಯ ಇಪ್ಪತ್ತರ ಯುವತಿ, ತೂಕ 50 ಕೆ.ಜಿ. ಎರಡು ದಿನದಿಂದ ವಾಂತಿ. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ನೂ ತೆಗೆದುಕೊಂಡಿಲ್ಲ. ಹೊಟ್ಟೆನೋವು, ಒಣಗಿದ ನಾಲಿಗೆ, ಆಳವಾದ ವೇಗದ ಉಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ. ರಕ್ತದ ಸಕ್ಕರೆ 480, ಪಿಎಚ್ 7.1, ಕೀಟೋನ್ ಹೆಚ್ಚು, ಪೊಟ್ಯಾಸಿಯಂ 2.9. ಮೊದಲು ಏನು ಕೊಡಬೇಕು?

ಸಕ್ಕರೆಯ ಅಂಕಿ ಕಂಡ ಕೂಡಲೇ ಕೈ ಇನ್ಸುಲಿನ್ ಕಡೆ ಹೋಗುತ್ತದೆ. ಪ್ರಶ್ನೆಯ ಬಲೆ ಇರುವುದೇ ಅಲ್ಲಿ.

ಇದು ಡಯಾಬಿಟಿಕ್ ಕೀಟೋಅಸಿಡೋಸಿಸ್. ಇನ್ಸುಲಿನ್ ಇಲ್ಲದಾಗ ಜೀವಕೋಶಗಳಿಗೆ ಸಕ್ಕರೆ ದಕ್ಕುವುದಿಲ್ಲ. ದೇಹ ಕೊಬ್ಬನ್ನು ಕರಗಿಸುತ್ತದೆ, ಅದರಿಂದ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಆಮ್ಲೀಯವಾಗಿಸುತ್ತವೆ. ಆ ಆಮ್ಲವನ್ನು ಹೊರಹಾಕಲೆಂದೇ ಉಸಿರು ಆಳವಾಗುವುದು. ಹೆಚ್ಚಿದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ಲೀಟರುಗಟ್ಟಲೆ ನೀರನ್ನೂ ಪೊಟ್ಯಾಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ.

ಆದ್ದರಿಂದ ಮೊದಲು ಡ್ರಿಪ್. ಹೃದಯ, ಮೂತ್ರಪಿಂಡದ ತೊಂದರೆಯಿಲ್ಲದ ವಯಸ್ಕರಿಗೆ ಮೊದಲ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ನಾರ್ಮಲ್ ಸಲೈನ್. ಅಷ್ಟರಲ್ಲಿ ಪೊಟ್ಯಾಸಿಯಂ ವರದಿ ಕೈಯಲ್ಲಿರಬೇಕು. ಇನ್ಸುಲಿನ್ ಸಕ್ಕರೆಯನ್ನು ಮಾತ್ರವಲ್ಲ, ರಕ್ತದ ಪೊಟ್ಯಾಸಿಯಂ ಅನ್ನೂ ಕೋಶಗಳೊಳಗೆ ತಳ್ಳುತ್ತದೆ. 2.9 ಇರುವಾಗ ಇನ್ಸುಲಿನ್ ಕೊಟ್ಟರೆ ಅದು ಇನ್ನೂ ಕುಸಿದು, ಹೃದಯದ ಬಡಿತ ತಾಳ ತಪ್ಪಿ, ನಿಂತೇ ಹೋಗಬಹುದು. ಪೊಟ್ಯಾಸಿಯಂ 3.5ಕ್ಕಿಂತ ಕಡಿಮೆಯಿದ್ದರೆ (ಹಳೆಯ ಪುಸ್ತಕಗಳಲ್ಲಿ ಈ ಗೆರೆ 3.3) ಇನ್ಸುಲಿನ್ ತಡೆಹಿಡಿದು, ಮೂತ್ರ ಬರುತ್ತಿದೆಯೇ ನೋಡಿಕೊಂಡು, ಗಂಟೆಗೆ 10ರಿಂದ 20 ಮಿಲಿಮೋಲ್ ಪೊಟ್ಯಾಸಿಯಂ ಅನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಡುತ್ತಾರೆ. ಇಸಿಜಿ ಮಾನಿಟರ್ ಹಾಕಿರುತ್ತಾರೆ. ಸಿರಿಂಜಿನಲ್ಲಿ ನೇರವಾಗಿ ನರಕ್ಕೆ ಚುಚ್ಚುವುದು ಎಂದಿಗೂ ಸಲ್ಲದು.

ಮೋಸ ಇನ್ನೊಂದಿದೆ. ಬಹಳ ರೋಗಿಗಳಲ್ಲಿ ಮೊದಲ ವರದಿ 4.5, 5 ಎಂದು ಚೆನ್ನಾಗಿಯೇ ಕಾಣುತ್ತದೆ. ಕೋಶಗಳಲ್ಲಿದ್ದ ಪೊಟ್ಯಾಸಿಯಂ ರಕ್ತಕ್ಕೆ ಬಂದಿರುವುದರಿಂದ ಆ ಅಂಕಿ, ಒಳಗೆ ದಾಸ್ತಾನು ಖಾಲಿಯೇ. ಹಾಗಾಗಿ 5ರವರೆಗೂ ಡ್ರಿಪ್‌ಗೆ ಪೊಟ್ಯಾಸಿಯಂ ಸೇರಿಸುತ್ತಾರೆ, ಜೊತೆಯಲ್ಲೇ ಇನ್ಸುಲಿನ್ ಶುರುಮಾಡುತ್ತಾರೆ. 5 ದಾಟಿದ್ದರೆ ಇನ್ಸುಲಿನ್ ಮಾತ್ರ ಕೊಟ್ಟು, ಎರಡೆರಡು ಗಂಟೆಗೆ ಮತ್ತೆ ಪರೀಕ್ಷಿಸುತ್ತಾರೆ.

ನಮ್ಮ ಯುವತಿಯ ಪೊಟ್ಯಾಸಿಯಂ 3.6ಕ್ಕೆ ಏರಿದ ಮೇಲೆ, ಕೆ.ಜಿ.ಗೆ 0.1 ಯೂನಿಟ್ ಲೆಕ್ಕದಲ್ಲಿ ಗಂಟೆಗೆ 5 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಆರಂಭ. ಸಕ್ಕರೆ 250ಕ್ಕೆ ಇಳಿದಾಗ ಮತ್ತೊಂದು ಬಲೆ: ಇನ್ಸುಲಿನ್ ನಿಲ್ಲಿಸಬಾರದು. ಪ್ರಮಾಣ ತಗ್ಗಿಸಿ, ಡ್ರಿಪ್‌ಗೆ ಡೆಕ್ಸ್‌ಟ್ರೋಸ್ ಸೇರಿಸಬೇಕು. ವಾಸಿ ಮಾಡಬೇಕಾದದ್ದು ಆಮ್ಲವನ್ನು, ಅದು ಸಕ್ಕರೆಗಿಂತ ತಡವಾಗಿ ಇಳಿಯುತ್ತದೆ.

ಮನೆಯಲ್ಲಿ ಟೈಪ್ 1 ಇರುವವರಿಗೆ ವಾಂತಿಯಾದರೆ, ಊಟವಿಲ್ಲವೆಂದು ಇನ್ಸುಲಿನ್ ಪೂರ್ತಿ ಬಿಡಿಸಬೇಡಿ. ವೈದ್ಯರಿಗೆ ಫೋನ್ ಮಾಡಿ. ಉಸಿರು ಆಳವಾಗಿದ್ದರೆ ನೇರ ಆಸ್ಪತ್ರೆಗೆ ಹೊರಡಿ.